15ಕ್ಕೆ ಕೆಲಸ ಮಾಡಬಹುದು, 18ರವರೆಗೆ ಈ ಕೆಲಸ ಮಾಡಬಾರದು: ಈ ಗೆರೆ ಎಲ್ಲಿಂದ ಬಂತು?

2023ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಒಂದು ಸುದ್ದಿ ಹೊರಹಾಕಿತು. ಮಾಂಸ ಸಂಸ್ಕರಣಾ ಕಾರ್ಖಾನೆಗಳನ್ನು ರಾತ್ರಿ ಹೊತ್ತು ತೊಳೆಯುವ ಗುತ್ತಿಗೆ ಕಂಪನಿಯೊಂದು 8 ರಾಜ್ಯಗಳ 13 ಕಾರ್ಖಾನೆಗಳಲ್ಲಿ 13ರಿಂದ 17 ವರ್ಷದ 102 ಮಕ್ಕಳನ್ನು ದುಡಿಸುತ್ತಿತ್ತು. ಅದಕ್ಕೆ ಸುಮಾರು 15 ಲಕ್ಷ ಡಾಲರ್ ದಂಡ ಬಿತ್ತು. ಅದಾಗಿ ಒಂದೇ ತಿಂಗಳಿಗೆ ಅದೇ ದೇಶದ ಅರ್ಕಾನ್ಸಾ ರಾಜ್ಯ, 16ಕ್ಕಿಂತ ಚಿಕ್ಕವರು ಕೆಲಸಕ್ಕೆ ಸೇರಲು ಬೇಕಿದ್ದ ಪರವಾನಗಿಯನ್ನೇ ತೆಗೆದುಹಾಕಿತು. ಮೇ ತಿಂಗಳಲ್ಲಿ ಅಯೋವಾ ರಾಜ್ಯ ಹದಿಹರೆಯದವರ ಕೆಲಸದ ನಿಯಮಗಳನ್ನು ಇನ್ನಷ್ಟು ಸಡಿಲಿಸಿತು. 16-17 ವರ್ಷದವರು ಕಲಿಕೆಯ ಹೆಸರಿನಲ್ಲಿ ಅಪಾಯದ ಪಟ್ಟಿಯಲ್ಲಿರುವ ಕೆಲವು ಕೆಲಸಗಳನ್ನೂ ಮಾಡಲು ಅದು ದಾರಿ ತೆರೆಯಿತು.

ಒಂದು ಕಡೆ ದಂಡ, ಇನ್ನೊಂದು ಕಡೆ ಸಡಿಲಿಕೆ. ಓದಿದವರಿಗೆ ಗೊಂದಲ ಆಗುವುದು ಸಹಜ ಅಲ್ವಾ? 13, 14, 15, 16, 18 ಅಂತ ಇಷ್ಟೊಂದು ಸಂಖ್ಯೆಗಳು ಯಾಕೆ? 17 ವರ್ಷ 11 ತಿಂಗಳಿನ ಹುಡುಗನಿಗೆ ಆಗದ ಕೆಲಸ ಮುಂದಿನ ತಿಂಗಳು ಹೇಗೆ ಆಗಿಬಿಡುತ್ತದೆ? ಇದಕ್ಕೆ ಉತ್ತರ ಬೇಕಿದ್ದರೆ ಆ ಗೆರೆಗಳು ಯಾವ ಕಾರಣಕ್ಕೆ ಹುಟ್ಟಿದವು ಎಂದು ನೋಡಬೇಕು.

ಗೆರೆ ಒಂದಲ್ಲ, ಎರಡು

ಬಹಳಷ್ಟು ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಗೆರೆಗಳನ್ನು ಒಂದೇ ಅಂದುಕೊಳ್ಳುವುದರಿಂದ.

ಮೊದಲನೆಯದು ಶಾಲೆಯ ಗೆರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದದ ಪ್ರಕಾರ, ಕಡ್ಡಾಯ ಶಿಕ್ಷಣ ಮುಗಿಯುವ ಮೊದಲು ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು. ಏನೇ ಆದರೂ ಆ ವಯಸ್ಸು 15ಕ್ಕಿಂತ ಕಡಿಮೆ ಇರಬಾರದು. ಆರ್ಥಿಕತೆ ಮತ್ತು ಶಾಲಾ ವ್ಯವಸ್ಥೆ ಇನ್ನೂ ಬಲಿಯದ ದೇಶಗಳು 14 ಅಂತ ಇಟ್ಟುಕೊಳ್ಳಬಹುದು. ಶಾಲೆಗೂ ಆರೋಗ್ಯಕ್ಕೂ ತೊಂದರೆ ಕೊಡದ ಹಗುರ ಕೆಲಸವಾದರೆ 13ಕ್ಕೇ ಅವಕಾಶ ಕೊಡಬಹುದು. ಇಲ್ಲಿ ಕಾಯುತ್ತಿರುವುದು ಮಗುವಿನ ಸಮಯವನ್ನು. ಹೊತ್ತು ಕೆಲಸಕ್ಕೆ ಹೋದರೆ ಓದಿಗೆ ಸಿಗುವುದಿಲ್ಲ. ದೇಶದಿಂದ ದೇಶಕ್ಕೆ ಶಾಲೆ ಮುಗಿಯುವ ವಯಸ್ಸು ಬೇರೆ ಇರುವುದರಿಂದ ಈ ಸಂಖ್ಯೆಯೂ ಬದಲಾಗುತ್ತದೆ.

ಎರಡನೆಯದು ದೇಹದ ಗೆರೆ. ಕೆಲಸದ ಸ್ವಭಾವವೇ ಆರೋಗ್ಯಕ್ಕೆ, ಪ್ರಾಣಕ್ಕೆ ಅಥವಾ ನಡತೆಗೆ ಕುತ್ತು ತರುವಂತಿದ್ದರೆ ಅದಕ್ಕೆ 18 ಆಗಲೇಬೇಕು. ಇದರಲ್ಲಿ ಬಡ ದೇಶ, ಶ್ರೀಮಂತ ದೇಶ ಎಂಬ ರಿಯಾಯಿತಿ ಇಲ್ಲ. 1999ರ 182ನೇ ಒಪ್ಪಂದ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. 2020ರ ಹೊತ್ತಿಗೆ ಸಂಘಟನೆಯ ಎಲ್ಲ 187 ಸದಸ್ಯ ದೇಶಗಳೂ ಅದನ್ನು ಅನುಮೋದಿಸಿದ್ದವು. ಯಾವ ಕೆಲಸ ಅಪಾಯಕಾರಿ ಅನ್ನುವ ಪಟ್ಟಿಯನ್ನು ಮಾತ್ರ ಆಯಾ ದೇಶವೇ ಮಾಡಿಕೊಳ್ಳಬೇಕು. ನೆಲದಡಿ, ನೀರಿನೊಳಗೆ, ಎತ್ತರದಲ್ಲಿ, ಇಕ್ಕಟ್ಟಿನ ಜಾಗದಲ್ಲಿ ಮಾಡುವ ಕೆಲಸ, ಅಪಾಯದ ಯಂತ್ರ, ಭಾರ ಎತ್ತುವುದು, ವಿಷ, ಅತಿ ಬಿಸಿ, ಅತಿ ಸದ್ದು, ರಾತ್ರಿ ಪಾಳಿ ಇವನ್ನೆಲ್ಲ ಗಮನಿಸಿ ಎಂದು ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತದೆ. ಹೆಸರು ಹಿಡಿದು ಪಟ್ಟಿ ಮಾಡುವ ಹೊಣೆ ದೇಶದ್ದು.

ಅಂದರೆ 15 ತುಂಬಿದ ಹುಡುಗಿ ಅಂಗಡಿಯಲ್ಲಿ ಬಿಲ್ ಬರೆಯಬಹುದು, ಕತ್ತರಿಸುವ ಯಂತ್ರದ ಮುಂದೆ ನಿಲ್ಲಬಾರದು. ಇದರಲ್ಲಿ ವಿರೋಧ ಏನೂ ಇಲ್ಲ. ಶಾಲೆಯ ಗೆರೆಯನ್ನು ಅವಳು ದಾಟಿದ್ದಾಳೆ, ದೇಹದ ಗೆರೆಯನ್ನು ಇನ್ನೂ ದಾಟಿಲ್ಲ. ಎಲ್ಲ ಜಗಳ ಇರುವುದು ಈ ಎರಡನೇ ಗೆರೆಯ ಒಳಗೆ ಯಾವ ಕೆಲಸವನ್ನು ಹಾಕಬೇಕು ಅನ್ನುವುದರಲ್ಲಿ. ಅದು ಎಷ್ಟು ಕಷ್ಟ ಎಂದು ತಿಳಿಯಲು ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಹೊಗೆಸೊಪ್ಪಿನ ಎಲೆ ಮುರಿಯುವುದು.

ಒದ್ದೆ ಎಲೆಗಳ ಸಾಲಿನಲ್ಲಿ

ನೋಡಲು ಇದು ಸಾದಾ ಹೊಲದ ಕೆಲಸ. ಯಂತ್ರ ಇಲ್ಲ, ಕತ್ತಿ ಇಲ್ಲ, ಎತ್ತರ ಇಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು ಸಾಲಿಗೆ ಇಳಿಯುತ್ತಾರೆ. ಗಿಡದ ಕೆಳಗಿನ ಬಲಿತ ಎಲೆಗಳನ್ನು ಬಗ್ಗಿ ಮುರಿಯುತ್ತಾರೆ. ಮುರಿದ ಎಲೆಗಳನ್ನು ಒಂದರ ಮೇಲೊಂದಿಟ್ಟು ಕಂಕುಳಲ್ಲಿ ಒತ್ತಿ ಹಿಡಿಯುತ್ತಾರೆ. ಕೈ ತುಂಬಿದ ಮೇಲೆ ಹೊರಗೆ ತಂದು ಹಾಕುತ್ತಾರೆ. ಎಲೆಯ ಮೇಲೆ ಇಬ್ಬನಿ ಇರುತ್ತದೆ. ಅರ್ಧ ಗಂಟೆಯೊಳಗೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ.

ತೊಂದರೆ ಇರುವುದು ಆ ಇಬ್ಬನಿಯಲ್ಲೇ. ಹಸಿ ಎಲೆಯಲ್ಲಿರುವ ನಿಕೋಟಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಇಬ್ಬನಿ, ಮಳೆನೀರು, ಬೆವರು ಯಾವುದಾದರೂ ಸರಿ, ಅದರೊಳಗೆ ಇಳಿದು ಚರ್ಮದ ಮೂಲಕ ರಕ್ತ ಸೇರುತ್ತದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಹೀಗೆ ಕಾಯಿಲೆ ಬಿದ್ದವರ ಬಗ್ಗೆ 1993ರಲ್ಲಿ ಬಂದ ಸರಕಾರಿ ಆರೋಗ್ಯ ವರದಿ ಲೆಕ್ಕ ಕೊಟ್ಟಿದೆ. ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ ಸುಮಾರು 9 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಮಳೆ ಬಂದು ನಿಂತ ದಿನ ಒಬ್ಬ ಕೆಲಸಗಾರನ ಮೈಗೆ 600 ಮಿಲಿಲೀಟರ್‌ವರೆಗೂ ಈ ನೀರು ತಾಗಬಹುದು. ಗುಣಿಸಿದರೆ 54 ಮಿಲಿಗ್ರಾಂ ಆಯಿತು. ಅದೆಲ್ಲವೂ ಒಳಗೆ ಹೋಗುವುದಿಲ್ಲ ನಿಜ. ಆದರೆ ಒಂದು ಚಿಕ್ಕ ಪಾಲು ಹೋದರೂ ಸಾಕು.

ಕೆಲವು ಗಂಟೆ ಕಳೆದ ಮೇಲೆ ತಲೆ ಸುತ್ತುತ್ತದೆ, ತಲೆ ನೋಯುತ್ತದೆ, ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ನಿಶ್ಶಕ್ತಿ ಎಷ್ಟು ಜಾಸ್ತಿ ಅಂದರೆ ಎದ್ದು ನಿಲ್ಲಲೂ ಆಗುವುದಿಲ್ಲ. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಹಸಿ ತಂಬಾಕು ಕಾಯಿಲೆ ಎನ್ನುತ್ತಾರೆ. ದಿನಾ ಸಿಗರೇಟು ಸೇದುವ ದೊಡ್ಡವರ ದೇಹ ನಿಕೋಟಿನ್‌ಗೆ ಒಗ್ಗಿರುವುದರಿಂದ ಅವರಿಗೆ ಇದು ಅಷ್ಟು ಕಾಡುವುದಿಲ್ಲ. ತಂಬಾಕನ್ನೇ ಮುಟ್ಟದ ಮಗುವಿಗೆ ಜೋರಾಗಿ ಹೊಡೆಯುತ್ತದೆ.

ಈಗ ತೂಕದ ಲೆಕ್ಕ ನೋಡಿ. 70 ಕಿಲೋ ತೂಕದ ದೊಡ್ಡವರು ಮತ್ತು 40 ಕಿಲೋ ತೂಕದ 13 ವರ್ಷದ ಹುಡುಗ ಒಂದೇ ಸಾಲಿನಲ್ಲಿ ಮುರಿಯುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ಚರ್ಮದಿಂದಲೂ ಅಷ್ಟೇ ನಿಕೋಟಿನ್ ಒಳಗೆ ಹೋಯಿತು. ಆದರೆ ಹುಡುಗನಿಗೆ ಕಿಲೋಗೆ ಸಿಕ್ಕಿದ ಪ್ರಮಾಣ ಒಂದೂಮುಕ್ಕಾಲು ಪಟ್ಟು. ಅದರ ಮೇಲೆ, ಚಿಕ್ಕ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರಹು ಹೆಚ್ಚು. ಹಾಗಾಗಿ ತೂಕಕ್ಕೆ ತಕ್ಕಂತೆ ಒಳಗೆ ಎಳೆದುಕೊಳ್ಳುವ ಜಾಗವೂ ಹೆಚ್ಚು. ಕೀಟನಾಶಕ, ದ್ರಾವಕ, ಧೂಳು ಯಾವುದಕ್ಕಾದರೂ ಇಂಥದೇ ಲೆಕ್ಕ ಬೀಳುತ್ತದೆ, ಯಾಕೆಂದರೆ ಚಿಕ್ಕ ದೇಹ ತನ್ನ ತೂಕಕ್ಕೆ ಹೋಲಿಸಿದರೆ ಗಾಳಿಯನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ.

ಲೆಕ್ಕಕ್ಕೇ ಸಿಗದ ಕಾಯಿಲೆ

ಈ ಕಾಯಿಲೆಯ ದೊಡ್ಡ ಸಮಸ್ಯೆ ಅದು ಬೇರೆ ಏನೋ ಇದ್ದಂತೆ ಕಾಣುವುದು. ಬಿಸಿಲಿಗೆ ಬಳಲಿದರೂ ತಲೆ ಸುತ್ತು, ವಾಂತಿ ಬರುತ್ತದೆ. ಕೀಟನಾಶಕ ಮೈಗೆ ಹತ್ತಿದರೂ ಹಾಗೇ. ಬೇರ್ಪಡಿಸಲು ಕೆಲವು ಗುರುತುಗಳಿವೆ. ಬಿಸಿಲಿನ ಹೊಡೆತದಲ್ಲಿ ಮೈ ಕಾವು ಏರಿರುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷದಲ್ಲಿ ಕಣ್ಣಿನ ಪಾಪೆ ಚುಕ್ಕಿಯಷ್ಟು ಕಿರಿದಾಗುತ್ತದೆ, ರಕ್ತದ ಒಂದು ಕಿಣ್ವ ಕುಸಿದಿರುತ್ತದೆ. ಹಸಿ ತಂಬಾಕು ಕಾಯಿಲೆಯಾದರೆ ನಿಕೋಟಿನ್ ಒಡೆದು ಆಗುವ ಕೊಟಿನಿನ್ ಮೂತ್ರದಲ್ಲಿ ಸಿಗುತ್ತದೆ. ಆದರೆ ಆ ಪರೀಕ್ಷೆ ಮಾಡಿಸುವವರು ಯಾರು? ಮಗು ಸಂಜೆ ವಾಂತಿ ಮಾಡಿಕೊಳ್ಳುತ್ತದೆ, ರಾತ್ರಿ ಮಲಗುತ್ತದೆ, ಮರುದಿನ ಸುಧಾರಿಸಿಕೊಳ್ಳುತ್ತದೆ. ಬಿಸಿಲು ಹೆಚ್ಚಾಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ.

ಹಾಗಾಗಿ ಇದು ಆಸ್ಪತ್ರೆಯ ದಾಖಲೆಗೂ ಬರುವುದಿಲ್ಲ, ಅಪಘಾತದ ಅಂಕಿಅಂಶಕ್ಕೂ ಬರುವುದಿಲ್ಲ. ಪಟ್ಟಿ ಮಾಡುವವರು ಅಂಕಿಅಂಶ ಕೇಳುತ್ತಾರೆ. ಅಂಕಿಅಂಶ ಇಲ್ಲದ ಕೆಲಸ ಸುರಕ್ಷಿತ ಎಂದು ಉಳಿದುಬಿಡುತ್ತದೆ. ಬೆರಳು ಕತ್ತರಿಸುವ ಯಂತ್ರ ಪಟ್ಟಿಗೆ ಬೇಗ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೈಗೆ ಇಳಿಯುವ ವಸ್ತುಗಳು ಹೊರಗೇ ಉಳಿಯುತ್ತವೆ. ಅಪಾಯದ ಪಟ್ಟಿಗಳ ದೊಡ್ಡ ಕೊರತೆ ಇದೇ ಅಂತ ನನಗನ್ನಿಸುತ್ತದೆ.

ರೇನ್‌ಕೋಟು ಹಾಕಿಸಿದರೆ ಸಾಲದೇ?

ನಿಷೇಧ ಯಾಕೆ, ರಕ್ಷಣೆ ಕೊಟ್ಟರೆ ಸಾಕಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆ. ದೊಡ್ಡವರಿಗೂ ಅಪಾಯ ಇದ್ದೇ ಇದೆ, ಅವರಿಗೆ ನಿಷೇಧ ಇಲ್ಲ.

ಹೊಗೆಸೊಪ್ಪಿನಲ್ಲಿ ಇರುವ ರಕ್ಷಣೆಗಳು ಇವು: ಇಬ್ಬನಿ ಆರುವವರೆಗೆ ಕಾಯುವುದು, ನೀರು ಹಿಡಿಯದ ಕೋಟು ಮತ್ತು ಕೈಗವಸು ಹಾಕುವುದು, ಒದ್ದೆ ಬಟ್ಟೆ ಕೂಡಲೇ ಬದಲಾಯಿಸುವುದು, ಸೋಪಿನಿಂದ ತೊಳೆದುಕೊಳ್ಳುವುದು. ಇವೆಲ್ಲ ಒಳ್ಳೆಯವೇ. ಆದರೆ ಅಮೆರಿಕದಲ್ಲಿ ಕಟಾವಿನ ಕಾಲ ಸುಡುವ ಬೇಸಿಗೆಯ ಕಾಲ. ನೀರು ಹಿಡಿಯದ ಕೋಟಿನೊಳಗೆ ಗಾಳಿಯೂ ಆಡುವುದಿಲ್ಲ. ನಿಕೋಟಿನ್ ತಡೆಯಲು ಹೋಗಿ ಬಿಸಿಲಿನ ಹೊಡೆತ ತಂದುಕೊಂಡಂತಾಗುತ್ತದೆ. ಇನ್ನು ಇಬ್ಬನಿ ಆರುವವರೆಗೆ ಕಾದರೆ ನೆತ್ತಿಯ ಮೇಲೆ ಸೂರ್ಯ ಇರುತ್ತಾನೆ, ಬೆವರೇ ಎಲೆಯನ್ನು ಒದ್ದೆ ಮಾಡುತ್ತದೆ. ಕೈಗವಸು, ಮುಖಗವಸು ಬರುವುದು ದೊಡ್ಡವರ ಅಳತೆಯಲ್ಲಿ. ಸಡಿಲವಾದ ಮುಖಗವಸಿನ ಅಂಚಿನಿಂದ ಎಲ್ಲವೂ ಒಳಗೆ ಹೋಗುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ರಕ್ಷಣೆ ಕೆಲಸ ಮಾಡಬೇಕಾದರೆ ಕೆಲಸಗಾರ ಬಾಯಿ ಬಿಡಬೇಕು. ತಲೆ ಸುತ್ತುತ್ತಿದೆ, ನಿಲ್ಲಿಸುತ್ತೇನೆ ಎನ್ನಬೇಕು. 14ರ ಹುಡುಗಿ ಮೇಸ್ತ್ರಿಗೆ ಹಾಗೆ ಹೇಳುವುದು ಕಷ್ಟ. ಹೇಳಿದರೆ ನಾಳೆ ಕರೆಯುವುದಿಲ್ಲ ಎಂಬ ಭಯ, ದೊಡ್ಡವರ ಸಮ ದುಡಿದು ತೋರಿಸಬೇಕೆಂಬ ಹಟ, ಎರಡೂ ಅವಳೊಳಗೆ ಇರುತ್ತವೆ. ನಿಷೇಧ ಇದ್ದರೆ ಆ ಮಾತನ್ನು ಅವಳ ಪರವಾಗಿ ಕಾನೂನು ಹೇಳುತ್ತದೆ.

18ರ ಹಿಂದಿರುವ ದೇಹ

ಸರಿ, 13ರ ಮಗು ಚಿಕ್ಕದು. 17ರ ಹುಡುಗ ಅಪ್ಪನಷ್ಟೇ ಎತ್ತರ ಇರುತ್ತಾನಲ್ಲ?

ಎತ್ತರ ಬಂದ ಮಾತ್ರಕ್ಕೆ ಬೆಳವಣಿಗೆ ಮುಗಿದಿಲ್ಲ. ಉದ್ದ ಎಲುಬುಗಳ ತುದಿಯ ಹತ್ತಿರ ಒಂದು ಮೃದ್ವಸ್ಥಿಯ ಪದರ ಇರುತ್ತದೆ. ಎಲುಬು ಉದ್ದ ಆಗುವುದು ಅಲ್ಲಿಂದ. ಹುಡುಗಿಯರಲ್ಲಿ ಸ್ವಲ್ಪ ಮೊದಲು, ಹುಡುಗರಲ್ಲಿ ಹೆಚ್ಚುಕಡಿಮೆ 16ರಿಂದ 18ರ ನಡುವೆ ಅದು ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಸುತ್ತಲಿನ ಕಟ್ಟುನಾರುಗಳಿಗಿಂತ ಬಲಹೀನ. ದೊಡ್ಡವರಿಗೆ ಸುಮ್ನೆ ಉಳುಕಿ ಹೋಗುವ ಪೆಟ್ಟು ಹದಿಹರೆಯದವರಲ್ಲಿ ಆ ಪದರವನ್ನೇ ಸೀಳಬಹುದು. ಹಾಗಾದರೆ ಒಂದು ಕೈಯೋ ಕಾಲೋ ಗಿಡ್ಡ ಅಥವಾ ಸೊಟ್ಟ ಆಗಬಹುದು. ಭಾರ ಎತ್ತುವ ಕೆಲಸಕ್ಕೆ ವಯಸ್ಸಿನ ಗೆರೆ ಇರುವುದು ಇದಕ್ಕೇ.

ಇನ್ನೊಂದು ನಿದ್ದೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ. ರಾತ್ರಿ ತಡವಾಗಿ ನಿದ್ದೆ ಬರುತ್ತದೆ, ಆದರೆ ಬೇಕಾಗುವುದು 8ರಿಂದ 10 ಗಂಟೆ. ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ತರಗತಿಗೆ ಹೋಗುವವನಿಗೆ ಆ ನಿದ್ದೆ ಎಂದೂ ಸಿಗುವುದಿಲ್ಲ. ಇನ್ನು ಮಿದುಳಿನಲ್ಲಿ ಅಪಾಯ ತೂಗಿ ನೋಡುವ ಮುಂಭಾಗ ಬಲಿಯುವುದು 20 ದಾಟಿದ ಮೇಲೆ. ಹಾಗಾದರೆ ಗೆರೆ 25ಕ್ಕೆ ಇರಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಪ್ರಕೃತಿಯಲ್ಲಿ 18 ಎಂಬ ಗೋಡೆ ಇಲ್ಲ. ಆದರೆ ಪ್ರತಿಯೊಬ್ಬರ ಎಲುಬಿನ ಎಕ್ಸ್‌ರೇ ತೆಗೆದು ಕೆಲಸ ಕೊಡಲಾಗುವುದಿಲ್ಲ. ಬಹುತೇಕರ ಎಲುಬು ಬಲಿತಿರುವ, ಕಾನೂನಿನಲ್ಲಿ ತನ್ನ ಪರವಾಗಿ ತಾನೇ ನಿಲ್ಲಬಹುದಾದ ವಯಸ್ಸು ಅಂತ 18 ಅನ್ನು ಹಿಡಿದಿದ್ದಾರೆ.

ಯಂತ್ರ ಓಡಿಸುವುದು ಬೇಡ ಸರಿ, ತೊಳೆಯುವುದೂ ಯಾಕೆ ಬೇಡ?

ಆರಂಭದಲ್ಲಿ ಹೇಳಿದ ಆ 102 ಮಕ್ಕಳು ಯಾರೂ ಮಾಂಸ ಕತ್ತರಿಸುತ್ತಿರಲಿಲ್ಲ. ಕತ್ತರಿಸುವ ಗರಗಸಗಳನ್ನು ತೊಳೆಯುತ್ತಿದ್ದರು. ಆದರೂ ಅದು ಅಪರಾಧ, ಯಾಕೆಂದರೆ ಅಮೆರಿಕದ ಪಟ್ಟಿ ಇಂಥ ಯಂತ್ರಗಳನ್ನು ಓಡಿಸುವುದನ್ನು ಮಾತ್ರ ನಿಷೇಧಿಸಿಲ್ಲ. ಹೊಂದಿಸುವುದು, ಎಣ್ಣೆ ಹಾಕುವುದು, ರಿಪೇರಿ, ತೊಳೆಯುವುದು ಎಲ್ಲವೂ 18ರ ಒಳಗಿನವರಿಗೆ ಬೇಡ ಎನ್ನುತ್ತದೆ.

ಕಾರಣ ಸರಳ. ಯಂತ್ರ ಓಡುವಾಗ ಬ್ಲೇಡಿನ ಮೇಲೆ ಕಾವಲು ಇರುತ್ತದೆ. ತೊಳೆಯುವಾಗ ಆ ಕಾವಲನ್ನು ಬಿಚ್ಚಬೇಕು. ನೆಲ ಜಾರುತ್ತದೆ, ಬಿಸಿನೀರಿನ ಆವಿ ಕಣ್ಣು ಮುಚ್ಚುತ್ತದೆ, ಸೋಂಕು ಕಳೆಯುವ ರಾಸಾಯನಿಕ ಚರ್ಮ ಸುಡುತ್ತದೆ. ವಿದ್ಯುತ್ತು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ ತೊಳೆಯಬೇಕೆಂಬುದು ನಿಯಮ. ಅವಸರದ ಪಾಳಿಯಲ್ಲಿ ಅದನ್ನು ಬಿಟ್ಟರೆ ಕೈ ಒಳಗಿರುವಾಗಲೇ ಯಂತ್ರ ತಿರುಗಬಹುದು.

ಆ ಪ್ರಕರಣದಲ್ಲಿ ಸರಕಾರ ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ 14 ವರ್ಷದ ಒಂದು ಮಗುವಿನ ವಿಷಯ ಇದೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ, ವಾರಕ್ಕೆ ಐದಾರು ದಿನ ಯಂತ್ರ ತೊಳೆಯುವ ಕೆಲಸ. ತರಗತಿಯಲ್ಲಿ ನಿದ್ದೆ ಹೋಗುತ್ತಿದ್ದುದು, ಶಾಲೆ ತಪ್ಪಿಸುತ್ತಿದ್ದುದು ಶಾಲೆಯ ದಾಖಲೆಯಲ್ಲಿತ್ತು. ಕಾರ್ಖಾನೆಯ ಗೇಟಿನಲ್ಲಿ ಕಾಣದ್ದು ತರಗತಿಯ ಬೆಂಚಿನ ಮೇಲೆ ಕಂಡಿತ್ತು. ದಂಡ ಎಷ್ಟು ಗೊತ್ತಾ? ಆಗ ಕಾನೂನು ಬಿಡುತ್ತಿದ್ದ ಗರಿಷ್ಠ ಮೊತ್ತವೇ ಒಂದು ಮಗುವಿಗೆ 15,138 ಡಾಲರ್. ದೊಡ್ಡ ಕಂಪನಿಗೆ ಅದು ಭಾರವೇನಲ್ಲ.

ಸಡಿಲಿಸಬೇಕು ಎನ್ನುವವರ ಮಾತು

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮೊದಲ ವಾದ ಕಸುಬಿನದು. ಬಡಗಿಯ ಕೆಲಸ, ಬೆಸುಗೆ ಕೆಲಸ ಕೈಯಲ್ಲಿ ಮಾಡದೆ ಬರುವುದಿಲ್ಲ. 18ರವರೆಗೆ ಯಂತ್ರ ಮುಟ್ಟಬೇಡ ಎಂದರೆ ಕಲಿಯುವುದು ಯಾವಾಗ? ಈ ಮಾತಿಗೆ 138ನೇ ಒಪ್ಪಂದದಲ್ಲೇ ಜಾಗ ಇದೆ. ಕಾರ್ಮಿಕರ ಮತ್ತು ಮಾಲೀಕರ ಸಂಘಗಳ ಜತೆ ಚರ್ಚಿಸಿ, ಪೂರ್ತಿ ರಕ್ಷಣೆ ಮತ್ತು ಆ ಕೆಲಸಕ್ಕೇ ಬೇಕಾದ ತರಬೇತಿ ಕೊಟ್ಟು, 16 ತುಂಬಿದವರಿಗೆ ಅವಕಾಶ ಮಾಡಬಹುದು. ಅಮೆರಿಕದ ಕೇಂದ್ರ ನಿಯಮದಲ್ಲೂ ಕೆಲವು ಯಂತ್ರಗಳಿಗೆ ವಿದ್ಯಾರ್ಥಿ ವಿನಾಯಿತಿ ಇದೆ. ಆದರೆ ಅಪಾಯದ ಭಾಗ ಆಗಾಗ, ಸ್ವಲ್ಪ ಹೊತ್ತು ಮಾತ್ರ ಇರಬೇಕು. ಕಸುಬು ಬಲ್ಲವರು ಪಕ್ಕದಲ್ಲೇ ನಿಂತಿರಬೇಕು. ಲಿಖಿತ ಒಪ್ಪಂದ ಇರಬೇಕು. ಪಾಳಿ ಪೂರ್ತಿ ಒಬ್ಬನೇ ಯಂತ್ರದ ಮುಂದೆ ನಿಂತರೆ ಅದು ಕಲಿಕೆ ಅಲ್ಲ, ಅಗ್ಗದ ದುಡಿಮೆ. ಹೊಸ ಸಡಿಲಿಕೆಗಳನ್ನು ಅಳೆಯಲು ಇದೇ ಒಳ್ಳೆಯ ಅಳತೆಗೋಲು.

ಎರಡನೇ ವಾದ ಹೊಟ್ಟೆಪಾಡಿನದು. ಮಗುವಿನ ಸಂಪಾದನೆ ಇಲ್ಲದೆ ಮನೆ ನಡೆಯದಿದ್ದರೆ ನಿಷೇಧ ಅದನ್ನು ಕತ್ತಲಿಗೆ ತಳ್ಳುತ್ತದೆ ಅಷ್ಟೇ ಎಂಬುದು. ಬೊಲಿವಿಯಾ ಈ ವಾದ ಒಪ್ಪಿ 2014ರಲ್ಲಿ ಷರತ್ತಿನ ಮೇಲೆ 10 ವರ್ಷದವರಿಗೂ ಸ್ವಂತ ದುಡಿಮೆಗೆ ಅವಕಾಶ ಕೊಟ್ಟಿತು. ಬೆಳಕಿಗೆ ತಂದರೆ ಕಾಪಾಡಬಹುದು ಎಂಬ ಆಸೆ ಅದರ ಹಿಂದಿತ್ತು. 2018ರ ಕೊನೆಗೆ ಆ ವಿನಾಯಿತಿ ತೆಗೆದು 14ಕ್ಕೇ ಮರಳಿತು. ಈ ವಾದದಲ್ಲಿ ಅರ್ಧ ಸತ್ಯ ಇದೆ. ನಿಷೇಧ ಹಾಕಿ ಮನೆಯ ಆದಾಯದ ಬಗ್ಗೆ ಯೋಚಿಸದಿದ್ದರೆ ಮಗು ಕಾರ್ಖಾನೆ ಬಿಟ್ಟು ಅದಕ್ಕಿಂತ ಕೆಟ್ಟ ಜಾಗಕ್ಕೆ ಹೋಗಬಹುದು. ಆದರೆ ಮನೆಯ ಬಡತನ ಎಲೆಯ ನಿಕೋಟಿನ್ ಅನ್ನು ಕಡಿಮೆ ಮಾಡುವುದಿಲ್ಲ.

ಮೂರನೆಯದು ಮನೆಯ ಹೊಲದ್ದು, ಮತ್ತು ಎಲ್ಲಕ್ಕಿಂತ ಗಟ್ಟಿ. ನಮ್ಮ ಹೊಲ, ನಮ್ಮ ಮಕ್ಕಳು, ಸರಕಾರಕ್ಕೇನು ಎಂಬ ಮಾತು. 2011ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ, ಕೂಲಿಗೆ ಬರುವ 16ರ ಒಳಗಿನವರಿಗೆ ಹೊಗೆಸೊಪ್ಪಿನ ಕೆಲಸ ಬೇಡ ಎಂಬ ಕರಡು ತಂದಿತ್ತು. ರೈತ ಕುಟುಂಬಗಳಿಂದ ಸಾವಿರಾರು ಆಕ್ಷೇಪಗಳು ಬಂದವು. 2012ರ ಏಪ್ರಿಲ್‌ನಲ್ಲಿ ಕರಡನ್ನು ಹಿಂತೆಗೆದುಕೊಂಡರು.

ಗೆರೆ ಎಲ್ಲಿ ಬೀಳುತ್ತದೋ ಅಲ್ಲಿಗೆ

ಪರಿಣಾಮ ಈಗ ಹೀಗಿದೆ. ಅಮೆರಿಕದಲ್ಲಿ 21 ಆಗದೆ ಸಿಗರೇಟು ಕೊಳ್ಳುವಂತಿಲ್ಲ. ಆದರೆ ಹೆತ್ತವರು ಒಪ್ಪಿದರೆ 12 ವರ್ಷದ ಮಗುವನ್ನು, ಶಾಲೆಯ ಹೊತ್ತು ಬಿಟ್ಟು, ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಕರೆಯಬಹುದು. ಅಲ್ಲಿನ ಕಾನೂನು ಕಾರ್ಖಾನೆಯ ಅಪಾಯಕ್ಕೆ 18 ಎಂದು, ಹೊಲದ ಅಪಾಯಕ್ಕೆ 16 ಎಂದು ಬೇರೆ ಬೇರೆ ಗೆರೆ ಎಳೆದಿದೆ. ಹೆತ್ತವರದೇ ಹೊಲವಾದರೆ ಆ 16ರ ಗೆರೆಯೂ ಇಲ್ಲ. 2014ರ ಕೊನೆಗೆ ಅಲ್ಲಿನ ದೊಡ್ಡ ತಂಬಾಕು ಕಂಪನಿಗಳು, 16ರ ಒಳಗಿನವರನ್ನು ಕೂಲಿಗೆ ಕರೆಯಬಾರದು ಎಂದು ತಮಗೆ ಸೊಪ್ಪು ಮಾರುವ ರೈತರಿಗೆ ಹೇಳಿದವು. 16 ತುಂಬಿದವರು ಅದೇ ಒದ್ದೆ ಸಾಲಿಗೆ ಇಳಿಯುತ್ತಾರೆ.

ಹೊಲವೇ ಮುಖ್ಯ ಎನ್ನಲು ಇನ್ನೊಂದು ಕಾರಣ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 13.8 ಕೋಟಿ ಬಾಲಕಾರ್ಮಿಕರಿದ್ದಾರೆ, ಅವರಲ್ಲಿ 5.4 ಕೋಟಿ ಮಕ್ಕಳು ಅಪಾಯದ ಕೆಲಸದಲ್ಲಿದ್ದಾರೆ. ಒಟ್ಟು ಬಾಲಕಾರ್ಮಿಕರಲ್ಲಿ ನೂರಕ್ಕೆ ಸುಮಾರು 61 ಮಂದಿ ದುಡಿಯುವುದು ಕೃಷಿಯಲ್ಲಿ. ಕಾರ್ಖಾನೆಗೆ ಮಾತ್ರ ಬಿಗಿಯಾದ ಪಟ್ಟಿ ಇಟ್ಟರೆ ಇವರಲ್ಲಿ ಬಹುಪಾಲು ಮಕ್ಕಳು ಅದರ ಹೊರಗೇ ಉಳಿಯುತ್ತಾರೆ.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. ಅದು ಕೂಡ ಹೊಗೆಸೊಪ್ಪು ಬೆಳೆಯುವ ದೊಡ್ಡ ದೇಶ, ಅಲ್ಲೂ ಬೆಳೆಯುವವರು ಹೆಚ್ಚಾಗಿ ಸಣ್ಣ ರೈತ ಕುಟುಂಬಗಳೇ. 2008ರ ಆದೇಶದಲ್ಲಿ ಅದು ಹೊಗೆಸೊಪ್ಪಿನ ಕೆಲಸವನ್ನು ಹೆಸರು ಹಿಡಿದು ಪಟ್ಟಿಗೆ ಸೇರಿಸಿತು. ನಾಟಿಯಿಂದ ಕಟಾವಿನವರೆಗೆ, ಅಲ್ಲಿಂದ ಸಂಸ್ಕರಣೆಯವರೆಗೆ, 18 ತುಂಬದವರು ಯಾರೂ ಆ ಕೆಲಸಕ್ಕೆ ಇಳಿಯುವಂತಿಲ್ಲ.